ಧನಲಕ್ಷ್ಮಿಗೆ ಬಂದ ಸೊನ್ನೆ

ಶಿವಾಜಿನಗರದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಲುಬ್ನಾ ನಕಲು ಹಿಡಿದು ಹಿಡಿದು ದಣಿದಿದ್ದರು. ಈ ಸಲದ ಆನ್‌ಲೈನ್ ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಪ್ರಶ್ನೆ, ಬೇರೆ ಅಂಕಿ ಬರುವಂತೆ ಮಾಡಿ, ಆಯ್ಕೆಗಳ ಕ್ರಮವನ್ನೂ ಅದಲುಬದಲಾಗಿಸಿದರು. ವಾಟ್ಸಾಪ್‌ನಲ್ಲಿ ಉತ್ತರ ಹಂಚಿಕೊಂಡವರು ಬೇಸ್ತುಬಿದ್ದರು.

ಮಾರನೆಯ ದಿನ, ಒಂದೇ ಪ್ರಶ್ನೆಯಿಂದ ಫೇಲಾಗಿದ್ದ ಧನಲಕ್ಷ್ಮಿ ಬಂದಳು.

“ಮಿಸ್, ನಂಗೆ ರೆಸಿಸ್ಟೆನ್ಸ್ ಸೊನ್ನೆ ಅಂತ ಬಂದಿತ್ತು. ಕರೆಂಟ್ ಎಷ್ಟು ಅಂತ ಹೇಳೋಕೆ ವೋಲ್ಟೇಜನ್ನ ಸೊನ್ನೆಯಿಂದ ಹೆಂಗೆ ಭಾಗಿಸ್ಲಿ?”

“ಬೇರೆ ಯಾರೂ ಹೇಳ್ಲಿಲ್ವಲ್ಲಮ್ಮ?”

“ಅವ್ರಿಗೆಲ್ಲ ಬೇರೆ ನಂಬರ್ ಕೊಟ್ಟಿದ್ದೀರಲ್ಲ ಮಿಸ್. ನಂಗೆ ಸಾಕ್ಷಿ ಯಾರು?”

ಲುಬ್ನಾ ಅವಳ ಪತ್ರಿಕೆ ತೆರೆದರು. ಸೊನ್ನೆಯೇ ಇತ್ತು. ಕಂಪ್ಯೂಟರ್ ಆರಿಸುವ ಅಂಕಿಗಳನ್ನು ಒಂದರಿಂದ ಶುರುಮಾಡಬೇಕಿದ್ದಲ್ಲಿ ಸೊನ್ನೆಯಿಂದ ಶುರುಮಾಡಿದ್ದವರು ತಾವೇ. ಅವಳಿಗೆ ಅಂಕ ಕೊಟ್ಟರು. ಮಸೀದಿಯಿಂದ ಇಳಿಹೊತ್ತಿನ ಅಸರ್ ಕರೆ ಕೇಳಿಸಿತು. ನಮಾಜು ಮುಗಿಸಿ ಬಂದು, ಇನ್ಯಾರಿಗೆ ಸೊನ್ನೆ ಬಂದಿದೆಯೋ ಎಂದು ಎಲ್ಲರ ಪತ್ರಿಕೆಗಳನ್ನೂ ಒಂದೊಂದಾಗಿ ತೆರೆಯತೊಡಗಿದರು.