ಲ್ಯಾಪ್‌ಟಾಪಿನ ತಳದ ಚೀಟಿ

ಸಿಕಂದರಾಬಾದ್ ಸ್ಟೇಷನ್ ಎದುರು ಶೇರ್ ಆಟೊ ಇಳಿದು, ಬ್ಯಾಗು ನೆನಪಾಗುವಷ್ಟರಲ್ಲಿ ಆಟೊ ಹೋಗಿತ್ತು. ಬ್ಯಾಗಿನಲ್ಲಿ ಕಂಪನಿಯ ಲ್ಯಾಪ್‌ಟಾಪಿತ್ತು, ಅದರೊಳಗೆ ನಮ್ಮ ಗ್ರಾಹಕ ಬ್ಯಾಂಕೊಂದರ ಕಡತಗಳಿದ್ದವು.

ಮೊದಲು ಮ್ಯಾನೇಜರಿಗೆ ಫೋನ್ ಮಾಡಿದೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಪಾಸ್‌ವರ್ಡ್ ಇಲ್ಲದೆ ಯಾರೂ ಓದಲಾರರು, ಭಯವಿಲ್ಲ, ಚೀಟಿಯ ಮಾತು ಮಾತ್ರ ಎತ್ತಬೇಡ ಎಂದು ತೆಲುಗಿನಲ್ಲಿ ಹೇಳಿದರು. ಆ ಲ್ಯಾಪ್‌ಟಾಪನ್ನು ಸರದಿಯ ಮೇಲೆ ಮನೆಗೆ ಒಯ್ಯುತ್ತಿದ್ದವರು ನಾವು ಮೂವರು. ಪಾಸ್‌ವರ್ಡ್ ಮರೆತು ಪದೇ ಪದೇ ಪೀಡಿಸುತ್ತೇವೆಂದು ಅದನ್ನು ಚೀಟಿಯಲ್ಲಿ ಬರೆದು ತಳಕ್ಕೆ ಅಂಟಿಸಿದ್ದು ಇದೇ ಮ್ಯಾನೇಜರ್ ಮಹಾಶಯರು.

ಆಮೇಲೆ ಮಾಹಿತಿ ಭದ್ರತಾ ತಂಡಕ್ಕೆ ಫೋನ್ ಮಾಡಿದೆ. ಫೋನೆತ್ತಿದ ಅಧಿಕಾರಿ ಬೀದರಿನವರು. ನನ್ನ ಹಿಂದಿಯ ಧಾಟಿ ಕೇಳಿ ಕನ್ನಡಕ್ಕೆ ಹೊರಳಿದರು. ಎಲ್ಲಿ, ಯಾವಾಗ, ಯಾವ ಕಡತ ಎಂದು ಬರೆದುಕೊಂಡರು. ಕೂಡಲೇ ಲಾಗಿನ್ ಬಂದ್ ಮಾಡಿಸಿದರು.

"ಪಾಸ್‌ವರ್ಡ್ ಎಲ್ಲಿಯರ ಬರದಿಟ್ಟೀರೇನ್ರಿ?"

ಇಲ್ಲ ಎನ್ನಬಹುದಿತ್ತು. "ಅದರ ತಳಕ್ಕ ಚೀಟಿ ಹಚ್ಚೈತ್ರಿ," ಎಂದೆ.

"ಹಂಗಾದ್ರ ಎನ್‌ಕ್ರಿಪ್ಟ್ ಆಗಿ ಏನು ಉಪಯೋಗ್ರಿ? ಬ್ಯಾಂಕಿನವರಿಗೆ ಹೇಳಬೇಕಾಗತೈತಿ. ನೀವು ಖರೆ ಹೇಳಿದ್ದು ಭಾಳ ಛಲೋ ಆತು. ಪೊಲೀಸ್ರಿಗೆ ದೂರು ಕೊಟ್ಟು ಅದರ ಪ್ರತಿ ಕಳಸ್ರಿ."

ಛಲೋ ಆದದ್ದು ಯಾರಿಗೋ. ವಿಚಾರಣೆಯಲ್ಲಿ ಮ್ಯಾನೇಜರು ಅಂಥ ಚೀಟಿಯನ್ನೇ ಕಂಡಿಲ್ಲವೆಂದರು, ಜೊತೆಯ ಇಬ್ಬರು ನೆಲ ನೋಡಿದರು. ಅಕ್ಷರ ಯಾರದೆಂದು ತೋರಿಸಲು ಚೀಟಿಯೂ ಆಟೊದಲ್ಲಿ ಹೋಗಿತ್ತು. ಎಚ್ಚರಿಕೆ ಪತ್ರ ನನಗೊಬ್ಬನಿಗೇ ಬಂತು.

ಕೆಲವು ವಾರಗಳ ನಂತರ ತಂಡಕ್ಕೆ ಬೇರೆ ಲ್ಯಾಪ್‌ಟಾಪ್ ಕೊಟ್ಟರು. ನನ್ನ ಸರದಿ ಬಂದಾಗ ಅದನ್ನು ತಿರುವಿ ನೋಡಿದೆ. ತಳದಲ್ಲಿ ಅದೇ ಕೈಬರಹದ ಚೀಟಿ ಇತ್ತು. ಈ ಸಲ ಕಿತ್ತುಹೋಗದಂತೆ ಮೇಲೆ ಟೇಪು ಹಚ್ಚಿದ್ದರು.