ಎರಡು ಅಡುಗೆಮನೆಗಳ ನಡುವಿನ ವಾರ

ಬಾಂಬೆಯ ವಡಾಲದಲ್ಲಿ ನಮ್ಮ ಹೋಟೆಲಿದ್ದ ಬಿಲ್ಡಿಂಗನ್ನು ಕೆಡವಿ ಹೊಸದು ಕಟ್ಟುತ್ತಾರೆಂದು ನಿರ್ಧಾರವಾದಾಗ ಧಣಿಗಳು ನಮ್ಮನ್ನೆಲ್ಲ ಕರೆದು, ತಿಂಗಳ ಕೊನೆಗೆ ಬಾಗಿಲು ಹಾಕುವುದಾಗಿ ಹೇಳಿದರು. ನಾನು ಅಲ್ಲಿ ದೋಸೆ ಹಂಚಿನಿಂದ ಶುರುಮಾಡಿ ಹೆಡ್ ಕುಕ್ ಆದವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದಿದ್ದೆ. ಕೆಲಸಕ್ಕಾಗಿ ಯಾರ ಮನೆ ಬಾಗಿಲಲ್ಲೂ ನಿಂತವನಲ್ಲ. ಒಬ್ಬ ಧಣಿ ಬಿಟ್ಟರೆ ಇನ್ನೊಬ್ಬ ಧಣಿ ತಾವಾಗಿ ಕರೆಯುತ್ತಿದ್ದರು. ಆದರೆ ಈ ಸಲ ಕಾಲುಗಳು ನನ್ನ ಮಾತು ಕೇಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೊಣಕಾಲು ಊದಿಕೊಂಡು, ಒಲೆಯ ಮುಂದೆ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ ನಿಲ್ಲುತ್ತಿದ್ದೆ.

ಹಾಗಾಗಿ ವಿಕ್ರೋಳಿಯ ದೊಡ್ಡ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಸೂಪರ್‌ವೈಸರ್ ಬೇಕಂತೆ ಎಂದು ಕಿವಿಗೆ ಬಿದ್ದಾಗ ಆಸೆಯಾಯಿತು. ಕಾಂಟ್ರಾಕ್ಟರನ ಕೆಳಗಲ್ಲ, ಕಂಪೆನಿಯ ಸಂಬಳದ ಪಟ್ಟಿಯಲ್ಲೇ ಕೆಲಸ. ಭಾನುವಾರ ರಜೆ, ಹಗಲು ಶಿಫ್ಟು. ನಿಂತು ಬೇಯಿಸುವುದಕ್ಕಿಂತ ನೋಡಿಕೊಳ್ಳುವುದೇ ಹೆಚ್ಚು. ಹೋಗಿ ಸಾರು, ಪಲ್ಯ, ಉಪ್ಪಿಟ್ಟು ಮಾಡಿ ತೋರಿಸಿದೆ. ಆಮೇಲೆ ಎಚ್‌ಆರ್ ಮೇಡಂ ಹಿಂದಿಯಲ್ಲಿ ಕೇಳಿದರು: “ಬೇರೆ ಕಡೆಯೂ ಮಾತುಕತೆ ನಡೆದಿದೆಯಾ?”

ನಡೆದಿತ್ತು. ಸಾಂತಾಕ್ರೂಜ್‌ನಲ್ಲಿ ಏರ್‌ಪೋರ್ಟ್ ಹತ್ತಿರದ ಹೋಟೆಲೊಂದರಲ್ಲಿ ಬೆಳಗಿನ ತಿಂಡಿ ವಿಭಾಗಕ್ಕೆ ನನ್ನನ್ನು ಕೇಳಿದ್ದರು. ಆದರೆ ನಮ್ಮ ಕಸುಬಿನಲ್ಲಿ ಒಬ್ಬ ಧಣಿಯ ಎದುರು ಕೂತು ಇನ್ನೊಬ್ಬ ಧಣಿಯ ಹೆಸರೆತ್ತುವುದೆಂದರೆ, ಸಂಬಳ ಏರಿಸಲು ಹೆದರಿಸಿದ ಹಾಗೆ. ಅಂಥವನನ್ನು ಧಣಿಗಳು ಎರಡು ದೋಣಿಯಲ್ಲಿ ಕಾಲಿಟ್ಟವನು ಎಂದು ಬಿಟ್ಟುಬಿಡುತ್ತಾರೆ. “ಇಲ್ಲ ಮೇಡಂ, ನಿಮ್ಮದೊಂದೇ,” ಎಂದೆ. ಅವರು ಏನೋ ಬರೆದುಕೊಂಡರು. ತಿಳಿಸುತ್ತೇವೆ ಎಂದರು.

ಸೋಮವಾರ ಸಾಂತಾಕ್ರೂಜ್‌ನ ಆಫರ್ ಇಮೇಲಿನಲ್ಲಿ ಬಂತು. ಮಗಳು ಓದಿ ಹೇಳಿದಳು. ಶುಕ್ರವಾರ ಸಂಜೆಯೊಳಗೆ ಒಪ್ಪಿಗೆ ಕಳಿಸಬೇಕು, ಆಮೇಲೆ ಆಫರ್ ಇರುವುದಿಲ್ಲ. ಸಂಬಳ ಪರವಾಗಿಲ್ಲ. ಆದರೆ ಬೆಳಗಿನ ಶಿಫ್ಟು ಕೋಳಿ ಕೂಗುವ ಮೊದಲೇ ಶುರು, ಭಾನುವಾರವೇ ಅತಿ ಹೆಚ್ಚು ಕೆಲಸ. ಅಂದರೆ ಇಷ್ಟು ವರ್ಷ ಮಾಡಿದ್ದೇ ಇನ್ನೊಂದು ಸಲ, ಈಗಿನ ಕಾಲುಗಳಲ್ಲಿ.

“ವಿಕ್ರೋಳಿಯವರಿಗೆ ಫೋನ್ ಮಾಡಿ ನಾ, ಪಪ್ಪಾ,” ಎಂದಳು ಮಗಳು. ಅವಳ ಕನ್ನಡ ಅರ್ಧ ದಾರಿಯಲ್ಲಿ ಹಿಂದಿಗೆ ತಿರುಗುತ್ತದೆ. “ಬೋಲ್ ದೋ, ಇನ್ನೊಂದು ಆಫರ್ ಇದೆ, ಶುಕ್ರವಾರ ಲಾಸ್ಟ್ ಡೇಟ್. ಎಲ್ಲರೂ ಹಾಗೇ ಮಾಡ್ತಾರೆ.”

“ನಾನು ಎಲ್ಲರೂ ಅಲ್ಲ.”

“ಹೌದು, ಇವರು ಮಹಾರಾಜರು,” ಎಂದಳು ಹೆಂಡತಿ ಒಳಗಿನಿಂದ. “ಮಹಾರಾಜರ ಕಾಲಿಗೆ ಎಣ್ಣೆ ತಿಕ್ಕುವವಳು ನಾನು.”

ಬುಧವಾರ ಫೋನ್ ಮಾಡಿದೆ. ಇನ್ನೊಂದು ಆಫರಿನ ಮಾತೆತ್ತದೆ, ನನ್ನ ವಿಷಯ ಏನಾಯಿತು ಎಂದಷ್ಟೇ ಕೇಳಿದೆ. “ಪ್ರೋಸೆಸ್‌ನಲ್ಲಿದೆ,” ಎಂದರು ಮೇಡಂ. ಸಂಜೆಯವರೆಗೂ ಮೊಬೈಲನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ಹೋಟೆಲಿನಲ್ಲಿ ಉಳಿದವರೆಲ್ಲ ಆಗಲೇ ಎಲ್ಲೆಲ್ಲೋ ಸೇರಿಕೊಂಡಿದ್ದರು. ನಾನೊಬ್ಬನೇ ಇನ್ನೂ ಪ್ರೋಸೆಸ್‌ನಲ್ಲಿದ್ದೆ.

ಶುಕ್ರವಾರ ಸಾಂತಾಕ್ರೂಜ್‌ನ ಶೆಫ್‌ಗೆ ಫೋನ್ ಮಾಡಿದೆ. ಅವರು ಕಾಪು ಕಡೆಯವರು, ನನಗಿಂತ ಚಿಕ್ಕವರು. ಮನೆಯಲ್ಲಿ ಮಾತಾಡಿ ಹೇಳುತ್ತೇನೆ, ಸ್ವಲ್ಪ ಸಮಯ ಬೇಕು ಎಂದೆ. “ಆಯ್ತು ಅಣ್ಣ, ಸೋಮವಾರ ಐದು ಗಂಟೆ. ಅದಕ್ಕಿಂತ ಆಚೆ ನನ್ನ ಕೈಯಲ್ಲಿಲ್ಲ,” ಎಂದರು.

ಆ ಮಧ್ಯಾಹ್ನವೇ, ಮಗಳ ಕಾಟಕ್ಕೂ ಮೊಣಕಾಲಿನ ಕಾಟಕ್ಕೂ ಸೋತು, ವಿಕ್ರೋಳಿಗೆ ಮತ್ತೆ ಫೋನ್ ಮಾಡಿದೆ. ಇನ್ನೊಂದು ಆಫರ್ ಕೈಯಲ್ಲಿದೆ, ಸೋಮವಾರ ಉತ್ತರ ಕೊಡಬೇಕು, ನನ್ನ ಮನಸ್ಸು ಮಾತ್ರ ನಿಮ್ಮಲ್ಲಿದೆ ಎಂದೆ. ಬೈಯುತ್ತಾರೆಂದು ಕಾದೆ. ಮೇಡಂ ಬೈಯಲಿಲ್ಲ. “ಅಂದೇ ಯಾಕೆ ಹೇಳಲಿಲ್ಲ?” ಎಂದರು. ಬೇರೆ ಆಫರ್ ಇಲ್ಲವೆಂದು ನಾನು ಹೇಳಿದ್ದರಿಂದ ಅವಸರವಿಲ್ಲದವರ ಜೊತೆ ನನ್ನ ಫೈಲನ್ನೂ ಇಟ್ಟಿದ್ದರಂತೆ. ಸಹಿ ಹಾಕಬೇಕಾದ ಸಾಹೇಬರು ನಿನ್ನೆ ಪರದೇಶಕ್ಕೆ ಹೋಗಿದ್ದಾರೆ, ಬುಧವಾರ ಬರುತ್ತಾರೆ. ಗೊತ್ತಿದ್ದರೆ ಹೋಗುವ ಮೊದಲೇ ಸಹಿ ಮಾಡಿಸುತ್ತಿದ್ದೆ ಎಂದರು. “ನಿಮ್ಮ ಬಗ್ಗೆ ಒಳ್ಳೆಯ ಅಭಿಪ್ರಾಯವೇ ಇದೆ. ಆದರೆ ಸಹಿ ಆಗುವವರೆಗೆ ಭರವಸೆ ಕೊಡಲಾರೆ. ನಮ್ಮನ್ನು ನಂಬಿ ಕೈಯಲ್ಲಿರುವುದನ್ನು ಬಿಡಬೇಡಿ.”

ನಾನು ಮರ್ಯಾದೆಗೆಂದು ಹೇಳದೆ ಬಿಟ್ಟದ್ದು ಅವರ ಲೆಕ್ಕದಲ್ಲಿ ಬರೀ ಒಂದು ಮಾಹಿತಿ. ಅದನ್ನು ಮುಚ್ಚಿಟ್ಟು ನಾನೇ ನನ್ನನ್ನು ಸರದಿಯ ಹಿಂದೆ ನಿಲ್ಲಿಸಿಕೊಂಡಿದ್ದೆ.

ಸೋಮವಾರ ಶೆಫ್‌ಗೆ ಇನ್ನೂ ಮೂರು ದಿನ ಕೊಡಿ ಎಂದು ಕೇಳಿದೆ. ಹೀಗೆ ಎರಡೆರಡು ಸಲ ಸಮಯವನ್ನು ಜನ್ಮದಲ್ಲಿ ಕೇಳಿದವನಲ್ಲ. “ಅಣ್ಣ, ನಿಮ್ಮ ಹಿಂದೆ ಇನ್ನೊಬ್ಬ ಇದ್ದಾನೆ,” ಎಂದರು. “ಕುಂದಾಪುರದವ. ಅವನಿಗೆ ಪುಣೆಯಿಂದ ಆಫರ್ ಬಂದಿದೆ, ಅವರೂ ಇವತ್ತೇ ಉತ್ತರ ಕೇಳ್ತಿದ್ದಾರೆ. ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಬಾಂಬೆ ಬಿಡ್ಲಿಕ್ಕೆ ಅವನಿಗೆ ಮನಸ್ಸಿಲ್ಲ. ನೀವು ಹೌದು ಅಂದ್ರೆ ಅವನಿಗೆ ಇಲ್ಲ ಅಂತೇನೆ, ಇಲ್ಲ ಅಂದ್ರೆ ಅವನನ್ನು ಕರೀತೇನೆ. ಎರಡೂ ಅಲ್ಲದಿದ್ರೆ ನಾನೆಂತ ಮಾಡ್ಲಿ, ಮಾರಾಯ್ರೆ?”

ಬರುವ ತಿಂಗಳು ನನಗೆ ನಿಲ್ಲಲು ಒಲೆಯಿರಲಿಲ್ಲ. ಮಗಳು ಒಪ್ಪಿಗೆಯ ಇಮೇಲ್ ಟೈಪ್ ಮಾಡಿದಳು. ಕಳಿಸುವ ಗುಂಡಿಯನ್ನು ನಾನೇ ಒತ್ತಿದೆ.

ಗುರುವಾರ ವಿಕ್ರೋಳಿಯಿಂದ ಫೋನ್ ಬಂತು. ಸಹಿ ಆಗಿದೆ, ಆಫರ್ ಕಳಿಸಿದ್ದೇವೆ, ನಾಲ್ಕು ದಿನದಲ್ಲಿ ತಿಳಿಸಿ ಎಂದರು. ಹೆಂಡತಿ ದೇವರ ಮುಂದೆ ದೀಪ ಹಚ್ಚಿದಳು. “ಸಾಂತಾಕ್ರೂಜ್‌ನಲ್ಲಿ ಇನ್ನೂ ಜಾಯಿನ್ ಆಗಿಲ್ಲ ನಾ,” ಎಂದಳು ಮಗಳು. “ಇವತ್ತೇ ಅವರಿಗೆ ಸಾರಿ, ಬರಲ್ಲ ಅಂತ ಹೇಳಿಬಿಡಿ. ಲೇಟ್ ಮಾಡಿದರೆ ಅವರಿಗೇ ತೊಂದರೆ.”

ಅವಳು ಹೇಳಿದ್ದು ಸರಿಯಿತ್ತು. ಕೆಲಸಕ್ಕೆ ಸೇರಿ ಎಂಟೇ ದಿನದಲ್ಲಿ ಬಿಟ್ಟು ಓಡುವುದಕ್ಕಿಂತ ಮೊದಲೇ ಹೇಳುವುದು ವಾಸಿ. ಆದರೆ ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ. ಮರುದಿನ ಮಧ್ಯಾಹ್ನದ ರಜೆ ಕೇಳಿಕೊಂಡು ಲೋಕಲ್ ಹಿಡಿದು ಸಾಂತಾಕ್ರೂಜ್‌ಗೆ ಹೋದೆ. ಬಿಡುತ್ತೇನೆ ಎಂದು ಹೇಳುವುದಕ್ಕೇ ಹೋದದ್ದು. ಯಾರು ಕೇಳಿದರೂ ಅದನ್ನು ಮರೆಮಾಚುವುದಿಲ್ಲ.

ಶೆಫ್ ಹಿಂಬಾಗಿಲಲ್ಲಿ ತರಕಾರಿ ಇಳಿಸಿಕೊಳ್ಳುತ್ತಿದ್ದರು. ನಾನು ಮೊದಲು ಆ ಕುಂದಾಪುರದವರ ಬಗ್ಗೆ ವಿಚಾರಿಸಿದೆ. ಅವರಿನ್ನೂ ಕಾಯುತ್ತಿದ್ದರೆ ನನ್ನ ಮಾತು ಸುಲಭವಾಗುತ್ತದೆ ಎಂಬ ಆಸೆ.

“ಅವನಾ? ಸೋಮವಾರವೇ ಅವನಿಗೆ ಇಲ್ಲ ಅಂದೆನಲ್ಲ. ಪುಣೆಗೆ ಹೋಗಿ ಸೇರಿಯೂ ಆಯ್ತು.” ನನ್ನ ಮುಖ ನೋಡಿ ಕೈಯಲ್ಲಿದ್ದ ತೆಂಗಿನಕಾಯಿ ಕೆಳಗಿಟ್ಟರು. “ಯಾಕಣ್ಣ, ವಿಕ್ರೋಳಿಯದ್ದು ಆಯ್ತಾ?”

ಅವರಿಗೆ ಹೇಗೋ ಗೊತ್ತಿತ್ತು. ಬಾಂಬೆಯಲ್ಲಿ ನಮ್ಮವರ ಅಡುಗೆಮನೆಗಳ ನಡುವೆ ಗೋಡೆಗಳಿಲ್ಲ.

“ಹೋಗುವುದಾದ್ರೆ ಹೋಗಿ. ಕಟ್ಟಿ ಹಾಕ್ಲಿಕ್ಕಾಗ್ತದಾ? ನಾನು ಬೇರೆ ಜನ ಹುಡುಕ್ತೇನೆ.” ಸಿಟ್ಟಿರಲಿಲ್ಲ. ಸುಸ್ತಿತ್ತು, ನನ್ನಷ್ಟೇ.

ಅವರು ಬೈದಿದ್ದರೆ ನಾನು ಹೊರಟುಬಿಡುತ್ತಿದ್ದೆನೇನೋ. ನನ್ನ ಒಂದು ಹೌದಿನಿಂದ ನಾನು ಮುಖವೇ ಕಂಡಿರದ ಒಬ್ಬ ಮನುಷ್ಯ ಹೆಂಡತಿ ಮಕ್ಕಳನ್ನು ಇಲ್ಲಿ ಬಿಟ್ಟು ಪುಣೆಯಲ್ಲಿ ಯಾವುದೋ ಒಲೆಯ ಮುಂದೆ ನಿಂತಿದ್ದ. ಈಗ ಅದೇ ಹೌದನ್ನು ಹಿಂದಕ್ಕೆ ತೆಗೆದುಕೊಂಡರೂ ಅವನು ತಿರುಗಿ ಬರುವಂತಿರಲಿಲ್ಲ. ಅವನ ಜಾಗವನ್ನು ತೆಗೆದುಕೊಂಡು ಖಾಲಿ ಬಿಡುವುದು ನನ್ನಿಂದಾಗಲಿಲ್ಲ. “ಇಲ್ಲ, ಸುಮ್ಮನೆ ಜಾಗ ನೋಡಿ ಹೋಗುವಾ ಅಂತ ಬಂದೆ,” ಎಂದೆ. ಶೆಫ್ ನಂಬಿದ ಹಾಗೆ ಮಾಡಿದರು. ಒಳಗೆ ಕರೆದು ಗ್ರೈಂಡರು, ಹಂಚು ಎಲ್ಲ ತೋರಿಸಿದರು.

ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಬೆಂಚು ಸಿಕ್ಕಿತು. ವಿಕ್ರೋಳಿಯವರನ್ನು ನಾಲ್ಕು ದಿನ ಕಾಯಿಸುವುದು ಬೇಡ, ಅಲ್ಲಿಯೂ ನನ್ನ ಹಿಂದೆ ಒಬ್ಬ ಇರುತ್ತಾನೆ ಎಂದು ಅಲ್ಲಿಂದಲೇ ಮೇಡಂಗೆ ಫೋನ್ ಮಾಡಿ ಬರಲಾಗುವುದಿಲ್ಲ ಎಂದೆ. ಬೇಗ ತಿಳಿಸಿದ್ದಕ್ಕೆ ಅವರು ಥ್ಯಾಂಕ್ಸ್ ಹೇಳಿದರು. ಮುಂದೆ ಜಾಗ ಖಾಲಿಯಾದರೆ ಕರೆಯಬಹುದೇ ಎಂದು ಕೇಳಿದರು. ಕರೆಯಿರಿ ಎಂದೆ.

ಆಮೇಲೆ ವಡಾಲದ ಗಾಡಿ ಬಂತು. ಜಾಗವಿರಲಿಲ್ಲ, ನಿಂತೇ ಹೋದೆ. ಮನೆಯಲ್ಲಿ ಏನು ಹೇಳುವುದೆಂದು ಮಾಹಿಮ್‌ವರೆಗೂ ಯೋಚಿಸಿದೆ, ಆಮೇಲೆ ಅದನ್ನೂ ಬಿಟ್ಟೆ. ಮನೆ ತಲುಪಿದಾಗ ಹೆಂಡತಿ ನನ್ನ ಮುಖ ನೋಡಿದಳು. ಎಣ್ಣೆ ಬಿಸಿಗಿಟ್ಟು, “ಕಾಲು ಚಾಚಿ,” ಎಂದಳು.