ಎರಡನೇ ಸಲ ಬಡಿಸದ ಮೆಸೇಜು

ಬಡಿಸುವುದರಲ್ಲಿ ನನ್ನನ್ನು ಮೀರಿಸುವವರು ಕೊಪ್ಪದಿಂದ ನರಸಿಂಹರಾಜಪುರದವರೆಗೆ ಯಾರೂ ಇಲ್ಲ. ಬೇರೆ ಯಾರೂ ಹೇಳುವಂತೆ ಕಾಣದ್ದರಿಂದ ನಾನೇ ಹೇಳಿಕೊಳ್ಳುತ್ತಿದ್ದೇನೆ. ಮದುವೆಗಳಿಗೆ ಅಡುಗೆ ಮಾಡಿಕೊಡುವ ತಂಡವೊಂದರಲ್ಲಿ ಊಟದ ಪಂಕ್ತಿಯ ಉಸ್ತುವಾರಿ ನನ್ನದು. ನಮ್ಮ ಕಡೆ ಎಲೆಯ ಮುಂದೆ ಕೂತವರು ಮೊದಲು ಬೇಡ ಎನ್ನಲೇಬೇಕು, ಬಡಿಸುವವನು ಒತ್ತಾಯ ಮಾಡಲೇಬೇಕು. ಯಾವ ಬೇಡ ಬರೀ ಮರ್ಯಾದೆಗೆ, ಯಾವುದು ನಿಜ ಎಂದು ತಿಳಿಯುವುದೇ ಕಸುಬು. ಬೆರಳು ಬಿಡಿಸಿ ಅಡ್ಡ ಹಿಡಿದ ಕೈಯ ಸಂದಿಯಲ್ಲಿ ಇನ್ನೊಂದು ಹೋಳಿಗೆ ಜಾರಿಸಬಹುದು. ಎರಡೂ ಕೈಯಿಂದ ಎಲೆ ಮುಚ್ಚಿದರೆ ಮುಂದೆ ಹೋಗಬೇಕು. ಇನ್ನು ಕೆಲವರು ಕೈಯನ್ನೇ ಅಡ್ಡ ತರುವುದಿಲ್ಲ. ನಕ್ಕು, ಬೇರೆ ಮಾತು ತೆಗೆಯುತ್ತಾರೆ. ಅದರ ಅರ್ಥವೂ ಬೇಡ ಎಂದೇ. ಹೊಸಬರು ಎಡವುವುದು ಅಲ್ಲಿ.

ಮಂಟಪಕ್ಕೆ ಹೂವಿನ ಅಲಂಕಾರ ಮಾಡುವ ಆಕೆ ಶೃಂಗೇರಿ ಕಡೆಯ ಬೇಗಾರಿನವಳು. ಛತ್ರಗಳಲ್ಲಿ ನಮ್ಮಿಬ್ಬರ ಕೆಲಸ ಒಟ್ಟಿಗೇ ಬೀಳುತ್ತಿತ್ತು, ವಾಟ್ಸಾಪಿನಲ್ಲಿ ಮಾತೂ ನಡೆಯುತ್ತಿತ್ತು. ಬಾಳೆಕಂಬ, ಮಾವಿನ ಸೊಪ್ಪು, ನಡುನಡುವೆ ಒಂದಿಷ್ಟು ತಮಾಷೆ. ನನಗೆ ಆಕೆ ಇಷ್ಟವಾಗಿದ್ದಳು. ಆದರೆ ಒಂದು ಭಯವಿತ್ತು. ಹಿಂದೆ ಒಬ್ಬ ಫೋಟೋದವನು ಪದೇ ಪದೇ ಮೆಸೇಜು ಹಾಕಿ ಕಾಡಿದ್ದಕ್ಕೆ, ಅವನಿರುವ ಮದುವೆಗಳನ್ನೇ ಆಕೆ ಬಿಟ್ಟಿದ್ದಳು. ನಾನು ಅಧಿಕಪ್ರಸಂಗ ಮಾಡಿದರೆ ನಮ್ಮ ಪರಿಚಯವೂ ಹಾಗೆಯೇ ಮುಗಿಯುತ್ತಿತ್ತು.

ಆದರೂ ಒಂದು ಬೆಳಿಗ್ಗೆ ಕಳಿಸಿಯೇಬಿಟ್ಟೆ: ‘ಮಂಟಪ ಕಟ್ಟಿ ಬರೀ ಬೇರೆಯವರನ್ನೇ ಕೂರಿಸ್ತೀರಲ್ಲ, ನೀವೂ ಒಂದ್ಸಲ ಕೂತು ನೋಡ್ಬಾರ್ದಾ? ಪಕ್ಕ ಕೂರೋಕೆ ಜನ ಹುಡುಕ್ಲಿಕ್ಕೆ ದೂರ ಹೋಗೋದು ಬೇಡ.’

ಒಂದೇ ಟಿಕ್ಕು. ಬೇಗಾರಿನಲ್ಲಿ ನೆಟ್‌ವರ್ಕು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಟಿಕ್ಕಿಗೆ ಬೇಜಾರು ಮಾಡಿಕೊಳ್ಳುವವನು ಈ ತಾಲೂಕುಗಳಲ್ಲಿ ಬಾಳಲಾರ. ಮಧ್ಯಾಹ್ನ ಅದು ಎರಡಾಗಿ ನೀಲಿಯಾಯಿತು. ಉತ್ತರವಿಲ್ಲ. ನನ್ನ ಹೆಬ್ಬೆರಳು ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಹೋಗಿ ಬಂತು. ಹಾಕಿದ್ದರೆ, ಖಾಲಿ ಎಲೆಯ ಮುಂದೆ ಕೂತವನು ಬೇಗ ಬಡಿಸಿ ಎಂದು ಲೋಟ ಕುಟ್ಟಿದ ಹಾಗಾಗುತ್ತಿತ್ತು. ಅಳಿಸೋಣವೆಂದರೆ, ಅಳಿಸಿದ್ದೇನೆ ಎಂಬ ಗುರುತು ಅಲ್ಲೇ ಉಳಿಯುತ್ತದೆ. ಅವಳು ಓದಿಯೂ ಆಗಿತ್ತು. ಫೋನನ್ನು ಮಸಾಲೆ ಡಬ್ಬದ ಹಿಂದೆ ಇಟ್ಟು ಪಾತ್ರೆ ಎಣಿಸಲು ಹೋದೆ.

ಮರುದಿನ ಉತ್ತರ ಬಂತು. ಒಂದು ನಗುವ ಮುಖ, ಅದರ ಕೆಳಗೆ: ‘ಬಾಳೆಕಂಬ ಎಷ್ಟೊತ್ತಿಗೆ ಬರುತ್ತೆ?’

ಪಕ್ಕದಲ್ಲಿ ಕಾಯಿ ತುರಿಯುತ್ತಿದ್ದ ನಮ್ಮ ಹಿರಿಯ ಭಟ್ಟರು ಇಣುಕಿ ನೋಡಿದರು.

“ನಕ್ಕಿದಾಳಲ್ಲ ಮಾರಾಯ! ಮೊದಲ್ನೇ ಸಲ ಯಾರಾದ್ರೂ ಹೂಂ ಅಂತಾರಾ? ಇನ್ನೊಂದ್ಸಲ ಬಡಿಸು.”

“ಇದು ಬೆರಳು ಬಿಡಿಸಿದ ಕೈ ಅಲ್ಲ ಭಟ್ರೇ. ಮಾತು ತಿರುಗಿಸಿದ್ದು,” ಎಂದೆ.

ಆಮೇಲೆ ಉತ್ತರ ಬರೆಯಲು ಕೂತೆ. ‘ಸುಮ್ನೆ ತಮಾಷೆಗೆ ಹೇಳಿದ್ದು’ ಎಂದು ಬರೆದೆ. ತಮಾಷೆಯಾಗಿರಲಿಲ್ಲ, ಅಳಿಸಿದೆ. ‘ಬೇಜಾರಾಯ್ತಾ, ಸಾರಿ’ ಎಂದು ಬರೆದೆ. ಹಾಗೆ ಕೇಳಿದರೆ ನನ್ನನ್ನು ಸಮಾಧಾನ ಮಾಡುವ ಕೆಲಸವೂ ಅವಳ ತಲೆಗೇ. ಅದನ್ನೂ ಅಳಿಸಿದೆ. ಒಣ ಉತ್ತರ ಕೊಟ್ಟು ಮುಖ ಊದಿಸಿಕೊಳ್ಳುವುದಂತೂ ನನ್ನ ಜಾಯಮಾನವಲ್ಲ. ಕೊನೆಗೆ ಅವಳು ಕೇಳಿದ್ದಕ್ಕೆ ಉತ್ತರ ಕೊಟ್ಟೆ: ‘ಬೆಳಿಗ್ಗೆ ಬೇಗ ಬರುತ್ತೆ. ಹಿಂದಿನ ಗೇಟಲ್ಲಿ ಇಳಿಸ್ತಾರೆ, ನೀವು ಹೊರೋದು ಬೇಡ. ಸೇವಂತಿಗೆ ಈ ಸಲ ಚೆನ್ನಾಗಿದೆಯಂತೆ.’ ಯಾವಾಗಲೂ ಇರುವಷ್ಟೇ ಸಲಿಗೆ, ಯಾವಾಗಲೂ ಇರುವಷ್ಟೇ ಉದ್ದ. ಅವಳಿಗೆ ಮನಸ್ಸಿದ್ದರೆ ಆ ಮಾತನ್ನು ಅವಳೇ ಎತ್ತಿಕೊಳ್ಳಬಹುದಿತ್ತು. ಎತ್ತಲಿಲ್ಲ. ನಾನೂ ಮತ್ತೆ ಎತ್ತಲಿಲ್ಲ.

ಆ ಬಾಳೆಕಂಬ ಇಳಿಸಿದ್ದ ನರಸಿಂಹರಾಜಪುರದ ಮದುವೆಯಲ್ಲಿ ಮಂಟಪದ ಕೆಲಸ ಮುಗಿಸಿ ಅವಳು ಕೊನೆಯ ಪಂಕ್ತಿಗೆ ಬಂದಳು. ಎರಡು ಸಾಲಿನಲ್ಲೂ ಜಾಗವಿತ್ತು. ನಾನು ಬಡಿಸುತ್ತಿದ್ದ ಸಾಲಿನಲ್ಲೇ ಕೂತಳು, ಜೊತೆಗೆ ಹೂ ಕಟ್ಟುವ ಹೆಂಗಸೊಬ್ಬರು. ಪಾಯಸ ತಂದಾಗ ಎರಡೂ ಕೈಯಿಂದ ಎಲೆ ಮುಚ್ಚಿದಳು. ಸೌಟನ್ನು ಹಿಂದಕ್ಕೆ ತೆಗೆದೆ.

“ಆ ಸಾಲಿನವರು ಒತ್ತಾಯ ಮಾಡಿ ಸುರೀತಾರೆ ಅಕ್ಕಾ,” ಎಂದು ಪಕ್ಕದವರಿಗೆ ಹೇಳಿದಳು, ನನಗೆ ಕೇಳುವ ಹಾಗೆಯೇ. “ಇವ್ರ ಹತ್ರ ಎಂತ ಭಯ ಇಲ್ಲ. ಒಂದ್ಸಲ ಬೇಡ ಅಂದ್ರೆ ಸಾಕು. ಅದಕ್ಕೇ ಇವರಿರೋ ಮದುವೆ ನಾನು ಬಿಡೋದಿಲ್ಲ.”

ಬೇಜಾರು ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೂ ಪಾಯಸದ ಬಕೆಟ್ಟು ಹಿಡಿದು ಮುಂದಿನ ಎಲೆಗೆ ಹೋಗುವಾಗ, ಮದುಮಗನಿಗಿಂತ ನೆಟ್ಟಗೆ ನಡೆದೆ.